ಹಳೆಯ ಗ್ರೂಪ್ ಫೋಟೊದ ಮುಖಗಳಿಗೆ ಹೆಸರು ಕೇಳುವ ಪತ್ರ: ಎಂಟು ಸೂತ್ರಗಳು

ಶಾಲೆಯ ಹಳೆಯ ಗ್ರೂಪ್ ಫೋಟೊ ಕೈಗೆ ಸಿಕ್ಕರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಮೊಬೈಲಿನಲ್ಲಿ ಅದನ್ನು ಕ್ಲಿಕ್ಕಿಸಿ, "ಇದರಲ್ಲಿರುವವರೆಲ್ಲ ಯಾರೆಂದು ದಯವಿಟ್ಟು ತಿಳಿಸಿ" ಎಂದು ಶಾಲೆಗೆ ಕಳಿಸಿಬಿಡುತ್ತಾರೆ. ಇಂಥ ಪತ್ರಕ್ಕೆ ಉತ್ತರ ಬರುವುದು ಅಪರೂಪ. ಈಗಿನ ಮುಖ್ಯೋಪಾಧ್ಯಾಯರು ಆ ವರ್ಷ ಹುಟ್ಟಿಯೇ ಇರಲಿಕ್ಕಿಲ್ಲ. ಹಳೆಯ ವಿದ್ಯಾರ್ಥಿಗಳ ಪೈಕಿ ಯಾರಿಗಾದರೂ ನಾಲ್ಕು ಮುಖ ಗೊತ್ತಿದ್ದರೂ, ಎಲ್ಲರ ಹೆಸರು ಹೇಳಲಾಗದಲ್ಲ ಎಂದು ಅವರೂ ಸುಮ್ಮನಾಗುತ್ತಾರೆ. "ಇವರೆಲ್ಲ ಯಾರು" ಎಂದು ಕೇಳಿದರೆ ಯಾರೂ ಹೇಳುವುದಿಲ್ಲ. "ಮೂರನೇ ಸಾಲಿನ ನಾಲ್ಕನೆಯವರು ಯಾರು" ಎಂದು ಕೇಳಿದರೆ ಒಬ್ಬರಲ್ಲ ಒಬ್ಬರು ಹೇಳುತ್ತಾರೆ. ಕೆಳಗಿನ ಸೂತ್ರಗಳೆಲ್ಲ ದೊಡ್ಡ ಪ್ರಶ್ನೆಯನ್ನು ಹೀಗೆ ಚಿಕ್ಕದು ಮಾಡುವ ದಾರಿಗಳು.

ವಿವರಣೆಗೆ ಒಂದು ಮಾದರಿ ಚಿತ್ರ ಇಟ್ಟುಕೊಳ್ಳೋಣ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರೌಢಶಾಲೆ, 1974–75ನೇ ಸಾಲಿನ 10ನೇ ತರಗತಿ, ಕಪ್ಪು-ಬಿಳುಪು ಚಿತ್ರ. ನೆಲದ ಮೇಲೆ ಕೂತವರು 9 ಹುಡುಗಿಯರು, ಕುರ್ಚಿಯಲ್ಲಿ 7 ಮೇಷ್ಟ್ರುಗಳು, ಹಿಂದೆ ನಿಂತವರು 11, ಬೆಂಚಿನ ಮೇಲೆ ನಿಂತವರು 11. ಒಟ್ಟು 38 ಮುಖ.

1. ಮೊದಲು ವರ್ಷ ಗಟ್ಟಿ ಮಾಡಿಕೊಳ್ಳಿ

ವರ್ಷ ತಪ್ಪಿದರೆ ಪತ್ರ ಬೇರೆ ಬ್ಯಾಚಿನವರ ಕೈಗೆ ಹೋಗುತ್ತದೆ. ಚಿತ್ರದ ನಡುವೆ ಸ್ಲೇಟು ಹಿಡಿದು ಕೂತವರಿದ್ದರೆ ಕೆಲಸ ಸುಲಭ. ಆದರೂ ಒಂದು ಎಚ್ಚರ ಬೇಕು. ಗ್ರೂಪ್ ಫೋಟೊ ತೆಗೆಸುತ್ತಿದ್ದದ್ದು ಸಾಮಾನ್ಯವಾಗಿ ಪರೀಕ್ಷೆಗೆ ಮುಂಚೆ, ವರ್ಷದ ಕೊನೆಯಲ್ಲಿ. ಹಾಗಾಗಿ ಸ್ಲೇಟಿನಲ್ಲಿ "1975" ಎಂದಷ್ಟೇ ಬರೆದಿದ್ದರೆ ಅದು 1974–75ನೇ ಸಾಲು ಇರುವ ಸಂಭವವೇ ಹೆಚ್ಚು, 1975–76 ಅಲ್ಲ. ಪತ್ರದಲ್ಲಿ ಯಾವಾಗಲೂ ಎರಡು ವರ್ಷ ಸೇರಿಸಿಯೇ ಬರೆಯಿರಿ.

ಸ್ಲೇಟು ಇಲ್ಲದಿದ್ದರೆ ಚಿತ್ರ ಅಂಟಿಸಿದ ರಟ್ಟನ್ನು ತಿರುಗಿಸಿ ನೋಡಿ. ಸ್ಟುಡಿಯೋದ ಮುದ್ರೆ ಇರುತ್ತದೆ. ಅದರಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಚಿತ್ರ 1972ರ ಆಗಸ್ಟ್ 15ಕ್ಕಿಂತ ಹಳೆಯದಲ್ಲ; ಪಿನ್ ಕೋಡ್ ಪದ್ಧತಿ ಜಾರಿಗೆ ಬಂದದ್ದೇ ಆ ದಿನ. ರಾಜ್ಯದ ಹೆಸರು "ಕರ್ನಾಟಕ" ಎಂದಿದ್ದರೆ ಹೆಚ್ಚಾಗಿ 1973ರ ನವೆಂಬರ್ 1ರ ನಂತರದ್ದು. ಆದರೆ ಇದನ್ನು ತಿರುಗಿಸಿ ಓದಬೇಡಿ. ಸ್ಟುಡಿಯೋದವರು ರಟ್ಟುಗಳನ್ನು ಒಟ್ಟಿಗೆ ಅಚ್ಚು ಹಾಕಿಸಿ ಮುಗಿಯುವವರೆಗೂ ಬಳಸುತ್ತಿದ್ದರು. "ಮೈಸೂರು ರಾಜ್ಯ" ಎಂದು ಅಚ್ಚಾದ ರಟ್ಟು 1975ರಲ್ಲೂ ಖರ್ಚಾಗುತ್ತಿದ್ದಿರಬಹುದು. ಹೊಸ ಗುರುತಿನಿಂದ ಚಿತ್ರ ಅದಕ್ಕಿಂತ ಹಳೆಯದಲ್ಲ ಎಂದು ಹೇಳಬಹುದು, ಹಳೆಯ ಗುರುತಿನಿಂದ ಅಂಥದ್ದೇನೂ ಸಿದ್ಧವಾಗುವುದಿಲ್ಲ.

ಇನ್ನೊಂದು ದಾರಿ ಕುರ್ಚಿ ಸಾಲು. ಸರ್ಕಾರಿ ಶಾಲೆಯ ಮೇಷ್ಟ್ರುಗಳಿಗೆ ವರ್ಗಾವಣೆ ಇದ್ದೇ ಇರುತ್ತದೆ. ನಡುವೆ ಕೂತ ಮುಖ್ಯೋಪಾಧ್ಯಾಯರು ಯಾರೆಂದು ಗೊತ್ತಾದರೆ, ಶಾಲೆಯ ಕಚೇರಿಯ ಗೋಡೆಗೆ ತೂಗುಹಾಕಿದ ಮುಖ್ಯೋಪಾಧ್ಯಾಯರ ಪಟ್ಟಿಯಲ್ಲಿ ಅವರು ಎಂದು ಬಂದರು, ಎಂದು ಹೋದರು ಎಂಬುದು ಸಿಗುತ್ತದೆ. ಅದರಿಂದ ವರ್ಷ ಎರಡು ಮೂರಕ್ಕೆ ಇಳಿಯುತ್ತದೆ. ಆಗಲೂ ಖಚಿತವಾಗದಿದ್ದರೆ ಪತ್ರದಲ್ಲಿ "1973–74 ಅಥವಾ 1974–75" ಎಂದೇ ಬರೆಯಿರಿ. ಒಂದನ್ನೇ ಗಟ್ಟಿಯಾಗಿ ಬರೆದುಬಿಟ್ಟರೆ ಇನ್ನೊಂದು ಬ್ಯಾಚಿನವರು ಚಿತ್ರವನ್ನು ತೆರೆದೂ ನೋಡುವುದಿಲ್ಲ.

2. ಪ್ರತಿ ಮುಖಕ್ಕೂ ಒಂದು ಸಂಖ್ಯೆ ಕೊಡಿ

"ಎಡಗಡೆಯಿಂದ ಮೂರನೆಯವನು ನಮ್ಮ ಭಾವ" ಎಂದು ಬರೆದವರ ಎಡ ಯಾವುದು? ನೋಡುವವರ ಎಡವೋ, ಚಿತ್ರದಲ್ಲಿ ನಿಂತವರ ಎಡವೋ? ಉತ್ತರಗಳು ಅಡ್ಡಾದಿಡ್ಡಿಯಾಗುವುದು ಇಲ್ಲೇ. ಸಂಖ್ಯೆ ಬಿದ್ದರೆ ಈ ಗೊಂದಲ ಇಲ್ಲ.

ಚಿತ್ರದ ಒಂದು ಪ್ರತಿಯ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ತಲೆ ಮತ್ತು ಭುಜದ ಗೆರೆಯನ್ನಷ್ಟೇ ಎಳೆಯಿರಿ. ಪ್ರತಿ ತಲೆಯೊಳಗೆ ಸಾಲಿನ ಸಂಖ್ಯೆ, ಅದರ ಪಕ್ಕ ಸ್ಥಾನದ ಸಂಖ್ಯೆ ಬರೆಯಿರಿ. ನೆಲದ ಸಾಲು 1, ಕುರ್ಚಿ ಸಾಲು 2, ನಿಂತ ಸಾಲು 3, ಬೆಂಚಿನ ಸಾಲು 4. ಎಣಿಕೆ ನೋಡುವವರ ಎಡದಿಂದ ಬಲಕ್ಕೆ. ನಿಂತ ಸಾಲಿನ ನಾಲ್ಕನೆಯವರು 3-4. ಮುಖಗಳಿರುವ ಚಿತ್ರದ ಮೇಲೆಯೇ ಅಂಕಿ ಬರೆದರೆ ಹಣೆಯೋ ಕೂದಲೋ ಮುಚ್ಚಿಹೋಗುತ್ತದೆ, ಗುರುತು ಹಿಡಿಯಲು ಬೇಕಾದದ್ದು ಅವೇ. ಆದ್ದರಿಂದ ಚಿತ್ರ ಒಂದು ಹಾಳೆ, ಸಂಖ್ಯೆಯ ನಕ್ಷೆ ಇನ್ನೊಂದು ಹಾಳೆ.

ಅರ್ಧ ಮರೆಯಾದವರನ್ನೂ ಬಿಡಬೇಡಿ. ನಮ್ಮ ಮಾದರಿ ಚಿತ್ರದಲ್ಲಿ ನಿಂತ ಸಾಲಿನ ತುದಿಯಲ್ಲಿ, 3-11ರಲ್ಲಿ, ಉಳಿದವರಿಗಿಂತ ವಯಸ್ಸಾದ ಒಬ್ಬರಿದ್ದಾರೆ. ಅವರು ಶಾಲೆಯ ಜವಾನರು. ಹೀಗೆ ಸಾಲಿನ ತುದಿಯಲ್ಲಿ ಜವಾನರು ನಿಲ್ಲುವುದು ವಾಡಿಕೆ. ಅವರಿಗೂ ಸಂಖ್ಯೆ ಕೊಡಿ, ಹೆಸರು ಕೇಳಿ. ಬೆಲ್ ಹೊಡೆದವರನ್ನು ಎಲ್ಲ ಬ್ಯಾಚಿನವರೂ ಬಲ್ಲರು. ಅವರ ಹೆಸರು ಬೇಗ ಸಿಗುತ್ತದೆ, ಅಲ್ಲಿಂದ ಮಾತು ಬೆಳೆಯುತ್ತದೆ.

ನಕ್ಷೆ ಎಳೆಯುವ ಮುಂಚೆ ಚಿತ್ರ ಎಡಬಲ ತಿರುಗಿ ಅಚ್ಚಾಗಿಲ್ಲವೇ ನೋಡಿಕೊಳ್ಳಿ. ನೆಗೆಟಿವ್ ಉಲ್ಟಾ ಇಟ್ಟು ಪ್ರತಿ ತೆಗೆದಿದ್ದರೆ ಹೀಗಾಗುತ್ತದೆ. ಸ್ಲೇಟಿನ ಅಕ್ಷರ ಇದ್ದರೆ ತಕ್ಷಣ ಗೊತ್ತಾಗುತ್ತದೆ. ಇಲ್ಲದಿದ್ದರೆ ಅಂಗಿಯ ಜೇಬು ನೋಡಿ: ಅದು ತೊಟ್ಟವರ ಎಡ ಎದೆಯ ಮೇಲೆ, ಅಂದರೆ ನಮಗೆ ಬಲಗಡೆ ಕಾಣಬೇಕು. ಎಲ್ಲರ ಜೇಬೂ ನಮ್ಮ ಎಡಕ್ಕೆ ಇದ್ದರೆ ಚಿತ್ರ ತಿರುಗಿದೆ ಎಂದೇ ಅರ್ಥ.

3. ಪ್ರತಿ ಚೆನ್ನಾಗಿರಲಿ, ಮೂಲ ಮನೆಯಲ್ಲೇ ಇರಲಿ

ಮೂಲ ಚಿತ್ರವನ್ನು ಶಾಲೆಗೆ ಕಳಿಸಬೇಡಿ. ಕೈಯಿಂದ ಕೈಗೆ ಹೋದದ್ದು ತಿರುಗಿ ಬರುವ ಭರವಸೆಯಿಲ್ಲ. ಕಟ್ಟು ಹಾಕಿಸಿದ ಚಿತ್ರ ಗಾಜಿಗೆ ಅಂಟಿಕೊಂಡಿದ್ದರೆ ಎಳೆದು ಬಿಡಿಸಲು ಹೋಗಬೇಡಿ. ಮುಖದ ಪದರವೇ ಗಾಜಿಗೆ ಉಳಿದುಬಿಡುತ್ತದೆ. ಅಂಥದ್ದನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, ಅಥವಾ ಬೆಳಕು ಓರೆಯಾಗಿ ಬೀಳುವಂತೆ ಇಟ್ಟು ಕ್ಯಾಮೆರಾದಲ್ಲಿ ತೆಗೆಯಿಸಿ.

ಸ್ಕ್ಯಾನ್ 600 ಡಿಪಿಐನಲ್ಲಿ ಇರಲಿ. ಕಾರಣ ಸರಳ ಲೆಕ್ಕ. ಆಗಿನ ಫುಲ್ ಪ್ಲೇಟ್ ಚಿತ್ರದ ಅಗಲ ಸುಮಾರು ಎಂಟೂವರೆ ಇಂಚು. ಒಂದು ಸಾಲಿನಲ್ಲಿ 11 ಜನ ನಿಂತರೆ ಒಬ್ಬೊಬ್ಬರಿಗೆ ಮುಕ್ಕಾಲು ಇಂಚು, ಮುಖಕ್ಕೆ ಕಾಲು ಇಂಚು ಸಿಗುತ್ತದೆ. 600 ಡಿಪಿಐನಲ್ಲಿ ಆ ಕಾಲು ಇಂಚು 150 ಚುಕ್ಕೆಗಳಾಗುತ್ತದೆ, ಮುಖ ಹಿಗ್ಗಿಸಿ ನೋಡಿದರೂ ಕಣ್ಣು-ಮೂಗು ತಿಳಿಯುತ್ತದೆ. 200 ಡಿಪಿಐನಲ್ಲಿ 50 ಚುಕ್ಕೆ ಮಾತ್ರ, ಹಿಗ್ಗಿಸಿದರೆ ಮಸುಕು.

ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲದಿದ್ದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ. ಪತ್ರದ ಜೊತೆ ಕಾಗದದ ಪ್ರತಿಯೂ ಇರಲಿ: ಎ4 ಹಾಳೆಯಲ್ಲಿ ಇಡೀ ಚಿತ್ರ ಒಂದು, ಸಾಲುಗಳನ್ನು ಹಿಗ್ಗಿಸಿದ ಹಾಳೆ ಎರಡು. ಎಪ್ಪತ್ತರ ಹತ್ತಿರದವರು ಮೊಬೈಲ್ ಪರದೆಯಲ್ಲಿ ಕಣ್ಣು ಕಿರಿದು ಮಾಡಿ ನೋಡುವುದಕ್ಕಿಂತ, ಹಾಳೆಯನ್ನು ಬೆಳಕಿಗೆ ಹಿಡಿದು ನೋಡುವುದನ್ನು ಹೆಚ್ಚು ಇಷ್ಟಪಡುತ್ತಾರೆ.

4. ಸರಿಯಾದವರಿಗೆ, ಸರಿಯಾದ ತಿಂಗಳಲ್ಲಿ ಬರೆಯಿರಿ

ಪ್ರೌಢಶಾಲೆ ಪ್ರತ್ಯೇಕವಾಗಿದ್ದರೆ ಪತ್ರ ಮುಖ್ಯ ಶಿಕ್ಷಕರಿಗೆ. ಪದವಿ ಪೂರ್ವ ಕಾಲೇಜಿನ ಜೊತೆ ಸೇರಿದ್ದರೆ ಪ್ರೌಢಶಾಲಾ ವಿಭಾಗವನ್ನು ನೋಡಿಕೊಳ್ಳುವವರು ಉಪ ಪ್ರಾಂಶುಪಾಲರು. ಪ್ರಾಂಶುಪಾಲರ ಹೆಸರಿಗೆ ಹೋದ ಪತ್ರ ಬೇರೆ ಕಟ್ಟಡದಲ್ಲೇ ಉಳಿಯಬಹುದು. ಹಳೆಯ ವಿದ್ಯಾರ್ಥಿಗಳ ಸಂಘ ಇದ್ದರೆ ಅದರ ಕಾರ್ಯದರ್ಶಿಗೂ ಪ್ರತಿ ಕಳಿಸಿ. ಶಾಲೆ ಮುಚ್ಚಿದ್ದರೆ ಅಥವಾ ಇನ್ನೊಂದರಲ್ಲಿ ಸೇರಿಹೋಗಿದ್ದರೆ ದಾಖಲೆ ಈಗ ಎಲ್ಲಿದೆ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಜಿಲ್ಲೆಯ ಹೆಸರನ್ನೂ ನೋಡಿಕೊಳ್ಳಿ. ರಟ್ಟಿನ ಮೇಲೆ ಧಾರವಾಡ ಜಿಲ್ಲೆ ಎಂದಿದ್ದರೂ ಊರು 1997ರಿಂದ ಹಾವೇರಿಯದೋ ಗದಗಿನದೋ ಆಗಿರಬಹುದು, ದಕ್ಷಿಣ ಕನ್ನಡ ಎಂದಿದ್ದದ್ದು ಉಡುಪಿಯದಾಗಿರಬಹುದು.

ಮಾರ್ಚ್–ಏಪ್ರಿಲ್ ಪರೀಕ್ಷೆಯ ಕಾಲ. ಫಲಿತಾಂಶ ಬಂದ ಮೇಲೆ ಟಿ.ಸಿ. ಬರೆಯುವ ಗಡಿಬಿಡಿ, ಜೂನಿನಲ್ಲಿ ದಾಖಲಾತಿಯ ನೂಕುನುಗ್ಗಲು. ಈ ತಿಂಗಳುಗಳಲ್ಲಿ ಬಂದ ಪತ್ರ ಫೈಲಿನ ಅಡಿಗೆ ಹೋಗುತ್ತದೆ. ಜುಲೈ–ಆಗಸ್ಟ್ ಒಳ್ಳೆಯ ಸಮಯ. ಇನ್ನೂ ಒಳ್ಳೆಯದು ನವೆಂಬರ್: ಅಲ್ಲಿಂದ ಮುಂದೆ ವಾರ್ಷಿಕೋತ್ಸವ, ಗುರುವಂದನೆಗಳ ಸಾಲು. ಹಳೆಯ ವಿದ್ಯಾರ್ಥಿಗಳು ಶಾಲೆಯ ಅಂಗಳಕ್ಕೆ ಬರುವ ದಿನ ನಿಮ್ಮ ಹಾಳೆಗಳು ಅಲ್ಲಿರಬೇಕು.

5. ಶಾಲೆಗೆ ಮೂರೇ ಕೆಲಸ ಹೇಳಿ

ಮೊದಲನೆಯದು, ಚಿತ್ರ ಮತ್ತು ನಕ್ಷೆಯನ್ನು ಸೂಚನಾ ಫಲಕದಲ್ಲೋ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲೋ ಹಾಕುವುದು. ಎರಡನೆಯದು, ಆ ಬ್ಯಾಚಿನ ಒಬ್ಬಿಬ್ಬರಿಗೆ ಪತ್ರ ತಲುಪಿಸುವುದು. ಅವರ ವಿಳಾಸ ನಮಗೆ ಕೊಡಿ ಎಂದು ಕೇಳಬೇಡಿ, ನಮ್ಮ ವಿಳಾಸ ಅವರಿಗೆ ಕೊಡಿ ಎಂದು ಕೇಳಿ. ಈ ಒಂದು ಬದಲಾವಣೆಯಿಂದ ಶಾಲೆಯ ಅರ್ಧ ಸಂಕೋಚ ಕಡಿಮೆಯಾಗುತ್ತದೆ.

ಮೂರನೆಯದು ದಾಖಲಾತಿ ಪುಸ್ತಕ. ಹಾಜರಿ ಪುಸ್ತಕಗಳು ಐವತ್ತು ವರ್ಷ ಉಳಿಯುವುದು ಕಡಿಮೆ, ದಾಖಲಾತಿ ಪುಸ್ತಕ ಮಾತ್ರ ಶಾಶ್ವತ ದಾಖಲೆ. ಆದರೆ ಅದರಲ್ಲಿ ಹೆಸರುಗಳು ತರಗತಿಯ ಪ್ರಕಾರ ಇರುವುದಿಲ್ಲ, ಶಾಲೆಗೆ ಸೇರಿದ ಕ್ರಮದಲ್ಲಿ ಇರುತ್ತವೆ. "1975ರ 10ನೇ ತರಗತಿಯ ಪಟ್ಟಿ ಕೊಡಿ" ಎಂದರೆ ಗುಮಾಸ್ತರು ಯಾವ ಪುಟ ತೆರೆಯಬೇಕು? 1974–75ರಲ್ಲಿ ಹತ್ತನೇ ತರಗತಿಯಲ್ಲಿದ್ದವರು 1972ರ ಜೂನ್–ಜುಲೈನಲ್ಲಿ ಎಂಟಕ್ಕೆ ಸೇರಿದವರು. ಪತ್ರದಲ್ಲಿ ಆ ತಿಂಗಳುಗಳನ್ನೇ ಹೇಳಿದರೆ ಕೆಲಸ ಕೆಲವೇ ಪುಟಗಳದ್ದು. ಬೇರೆ ಊರಿನಿಂದ ನಡುವೆ ಬಂದು ಸೇರಿದವರು, ಹಿಂದಿನ ವರ್ಷ ನಪಾಸಾಗಿ ಈ ತಂಡದೊಡನೆ ಕೂತವರು ಆ ಪುಟಗಳಲ್ಲಿ ಇರುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ.

ಪುಸ್ತಕದ ಜೆರಾಕ್ಸ್ ಕೇಳಬೇಡಿ. ಅದರಲ್ಲಿ ಜಾತಿ, ಹುಟ್ಟಿದ ದಿನ, ತಂದೆಯ ಕಸುಬು ಎಲ್ಲ ಇರುತ್ತದೆ. ಶಾಲೆ ಅದನ್ನು ಹೊರಗೆ ಕೊಡಬಾರದು, ನಿಮಗೆ ಅದು ಬೇಕಾಗಿಯೂ ಇಲ್ಲ. ಜಗಳ ಮಾಡಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದರೂ ವೈಯಕ್ತಿಕ ಮಾಹಿತಿ ಎಂದು ನಿರಾಕರಿಸಲು ಕಾಯ್ದೆಯಲ್ಲೇ ಅವಕಾಶವಿದೆ. "ನಾವು ಕಳಿಸುವ ಹೆಸರುಗಳು ಆ ವರ್ಷದ ಪುಟಗಳಲ್ಲಿ ಇವೆಯೇ ನೋಡಿ ಹೇಳಿ" ಎಂದರೆ ಮುಖ್ಯೋಪಾಧ್ಯಾಯರಿಗೆ ತೊಡಕಿಲ್ಲ.

6. ಪತ್ರ ಒಂದು ಪುಟ ಮೀರದಿರಲಿ

ನಿಮ್ಮ ಬಾಲ್ಯದ ನೆನಪು, ಶಾಲೆಯ ಹಿರಿಮೆ ಯಾವುದೂ ಬೇಡ. ಯಾರು, ಯಾವ ಚಿತ್ರ, ಏನು ಬೇಕು, ಹೇಗೆ ಉತ್ತರಿಸಬೇಕು, ಹೆಸರು ಸಿಕ್ಕ ಮೇಲೆ ಏನು ಮಾಡುತ್ತೀರಿ ಎಂಬ ಐದು ವಿಷಯ ಸಾಕು. ಮಾದರಿ ಇದು:

*ಗೆ,*
*ಮುಖ್ಯ ಶಿಕ್ಷಕರು,*
*ಸರ್ಕಾರಿ ಪ್ರೌಢಶಾಲೆ, ............*

*ಮಾನ್ಯರೇ,*

*ವಿಷಯ: 1974–75ನೇ ಸಾಲಿನ 10ನೇ ತರಗತಿಯ ಗ್ರೂಪ್ ಫೋಟೊದಲ್ಲಿರುವವರ ಹೆಸರು ಗುರುತಿಸಲು ಹಳೆಯ ವಿದ್ಯಾರ್ಥಿಗಳ ನೆರವು ಕೋರಿ.*

*ನನ್ನ ತಂದೆಯವರು ತಮ್ಮ ಶಾಲೆಯಲ್ಲಿ ಓದಿದವರು. ಅವರ ಪೆಟ್ಟಿಗೆಯಲ್ಲಿ ಮೇಲೆ ಹೇಳಿದ ತರಗತಿಯ ಚಿತ್ರ ಸಿಕ್ಕಿದೆ. ಚಿತ್ರದಲ್ಲಿ 38 ಜನರಿದ್ದಾರೆ. ಹೆಸರುಗಳನ್ನು ಎಲ್ಲಿಯೂ ಬರೆದಿಲ್ಲ. ಚಿತ್ರದ ಪ್ರತಿ, ಸಂಖ್ಯೆ ಹಾಕಿದ ನಕ್ಷೆ ಮತ್ತು ಉತ್ತರದ ಹಾಳೆಗಳನ್ನು ಲಗತ್ತಿಸಿದ್ದೇನೆ.*

*ತಮ್ಮಲ್ಲಿ ಮೂರು ವಿನಂತಿ:*

*1. ಚಿತ್ರ ಮತ್ತು ನಕ್ಷೆಯನ್ನು ಸೂಚನಾ ಫಲಕದಲ್ಲಿ ಹಾಗೂ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಹಾಕಿಸಬೇಕು.*

*2. ಆ ಸಾಲಿನ ವಿದ್ಯಾರ್ಥಿಗಳು ಅಥವಾ ಆಗಿನ ಶಿಕ್ಷಕರು ತಮ್ಮ ಸಂಪರ್ಕದಲ್ಲಿದ್ದರೆ ಈ ಪತ್ರವನ್ನು ಅವರಿಗೆ ತಲುಪಿಸಬೇಕು. ಅವರ ವಿಳಾಸವನ್ನು ನಾನು ಕೇಳುತ್ತಿಲ್ಲ.*

*3. ಹೆಸರುಗಳು ಬಂದ ಮೇಲೆ ಪಟ್ಟಿಯನ್ನು ತಮಗೆ ಕಳಿಸುತ್ತೇನೆ. 1972ರ ಜೂನ್–ಜುಲೈ ತಿಂಗಳ ದಾಖಲಾತಿ ಪುಟಗಳೊಂದಿಗೆ ಹೆಸರುಗಳನ್ನು ಮಾತ್ರ ತಾಳೆ ನೋಡಿಕೊಡಬೇಕು.*

*ಹಳೆಯ ವಿದ್ಯಾರ್ಥಿಗಳಲ್ಲಿ ಮನವಿ: ಒಂದೇ ಮುಖ ಗೊತ್ತಿದ್ದರೂ ದಯವಿಟ್ಟು ತಿಳಿಸಿ. ಹಾಜರಿ ಕರೆಯುವಾಗ ಇದ್ದ ಹೆಸರನ್ನೇ ಬರೆಯಿರಿ. ಇನ್ನೊಬ್ಬರನ್ನು ಕೇಳುವ ಮುಂಚೆ ನಿಮ್ಮ ನೆನಪನ್ನು ಬರೆದುಬಿಡಿ. ತಮ್ಮ ಹೆಸರು ಪಟ್ಟಿಯಲ್ಲಿ ಬೇಡ ಎನ್ನುವವರು ಹಾಗೆಂದು ತಿಳಿಸಿದರೆ ಬಿಟ್ಟುಬಿಡುತ್ತೇನೆ.*

*ಡಿಸೆಂಬರ್ ಕೊನೆಯೊಳಗೆ ಬಂದ ಉತ್ತರಗಳನ್ನು ಸೇರಿಸಿ, ಹೆಸರು ಸಹಿತವಾದ ಒಂದು ಪ್ರತಿಯನ್ನು ಶಾಲೆಗೆ ಕೊಡುತ್ತೇನೆ. ಸ್ವವಿಳಾಸದ, ಅಂಚೆಚೀಟಿ ಹಚ್ಚಿದ ಲಕೋಟೆ ಜೊತೆಗಿದೆ.*

*ವಂದನೆಗಳೊಂದಿಗೆ,*
*ತಮ್ಮ ವಿಶ್ವಾಸಿ,*
*............ (ಹೆಸರು, ವಿಳಾಸ, ಫೋನ್)*

ಪತ್ರದಲ್ಲಿ ಕೊನೆಯ ದಿನ ಇರುವುದನ್ನು ಗಮನಿಸಿ. "ಅನುಕೂಲವಾದಾಗ" ಎಂದು ಬರೆದ ಪತ್ರಕ್ಕೆ ಆ ಅನುಕೂಲ ಎಂದೂ ಬರುವುದಿಲ್ಲ. ಒಂದು ತಿಂಗಳಲ್ಲಿ ಸದ್ದಿಲ್ಲದಿದ್ದರೆ ಎರಡನೇ ಪತ್ರ ಬರೆಯುವ ಬದಲು ಫೋನ್ ಮಾಡಿ, ಸಾಧ್ಯವಿದ್ದರೆ ಹೋಗಿ ಬನ್ನಿ. ನಿವೃತ್ತರಾಗಿ ಅದೇ ಊರಿನಲ್ಲಿರುವ ಮೇಷ್ಟ್ರು ಯಾರು ಎಂದು ಕಚೇರಿಯಲ್ಲಿ ಕೇಳಿದರೆ ಅಲ್ಲಿಂದ ಹಾದಿ ತೆರೆಯುತ್ತದೆ.

7. ನಿಮ್ಮ ಊಹೆಯನ್ನು ಅವರ ಬಾಯಿಗೆ ಹಾಕಬೇಡಿ

ನಿಮಗೆ ಐದಾರು ಹೆಸರು ಆಗಲೇ ಗೊತ್ತಿರಬಹುದು. ಅವನ್ನು ತುಂಬಿ ಕಳಿಸಬೇಕೆನಿಸುತ್ತದೆ. ಬೇಡ. "3-4 ನಾಗರಾಜ ಇರಬೇಕು" ಎಂದು ನೀವು ಬರೆದರೆ ನೋಡಿದವರಿಗೂ ಅವನು ನಾಗರಾಜನಂತೆಯೇ ಕಾಣುತ್ತಾನೆ. ವಾಟ್ಸಾಪ್ ಗುಂಪಿನಲ್ಲಿ ಆಗುವುದೂ ಇದೇ. ಮೊದಲು ಯಾರೋ ಒಬ್ಬರು ಒಂದು ಹೆಸರು ಹೇಳುತ್ತಾರೆ, ಹಿಂದೆಯೇ ಎಂಟು ಜನ "ಹೌದು ಹೌದು" ಎನ್ನುತ್ತಾರೆ. ಅದು ಒಂಬತ್ತು ಸಾಕ್ಷಿಯಲ್ಲ, ಒಂದೇ ಸಾಕ್ಷಿ. ಆದ್ದರಿಂದ ಗುಂಪಿನಲ್ಲಿ ಚಿತ್ರ ಹಾಕಿದರೂ ಉತ್ತರ ಮಾತ್ರ ನಿಮ್ಮೊಬ್ಬರಿಗೇ ಬರಲಿ. ಚರ್ಚೆ ಆಮೇಲೆ ಬೇಕಾದಷ್ಟು ನಡೆಯಲಿ.

ಉತ್ತರದ ಹಾಳೆಯಲ್ಲಿ ನಾಲ್ಕು ಕಾಲಂ ಸಾಕು: ಸಂಖ್ಯೆ, ಇನಿಷಿಯಲ್ ಸಹಿತ ಶಾಲೆಯಲ್ಲಿದ್ದ ಹೆಸರು, ಖಚಿತವೋ ಅಂದಾಜೋ, ಹೇಗೆ ಗೊತ್ತು. ಕೊನೆಯದೇ ಮುಖ್ಯ. "ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು", "ನನ್ನ ಅಣ್ಣ", "ಮುಖ ನೋಡಿದರೆ ಹಾಗನಿಸುತ್ತದೆ" ಈ ಮೂರಕ್ಕೂ ಬೆಲೆ ಬೇರೆ ಬೇರೆ.

ಇನಿಷಿಯಲ್ ಕೇಳುವುದು ಸುಮ್ಮನೆ ಅಲ್ಲ. ಹಳೆ ಮೈಸೂರು ಕಡೆ ಒಂದು ತರಗತಿಯಲ್ಲಿ ಇಬ್ಬರು ಮೂವರು ನಾಗರಾಜ, ಮಂಜುನಾಥ ಇರುತ್ತಿದ್ದರು. ಮೇಷ್ಟ್ರು ಅವರನ್ನು ಬೇರೆ ಮಾಡಿ ಕರೆಯುತ್ತಿದ್ದದ್ದು ಊರಿನ ಅಥವಾ ತಂದೆಯ ಹೆಸರಿನ ಮೊದಲ ಅಕ್ಷರದಿಂದ. ಉತ್ತರ ಕರ್ನಾಟಕದಲ್ಲಿ ಆ ಕೆಲಸ ಅಡ್ಡಹೆಸರು ಮಾಡುತ್ತದೆ. ಹುಡುಗರ ನಡುವಿನ ಕರೆಹೆಸರು ಮಾತ್ರ ನೆನಪಿದ್ದರೆ ಅದನ್ನೂ ಬರೆಯಲಿ, ನೀವು ಅಚ್ಚು ಹಾಕಿಸದಿದ್ದರಾಯಿತು. ಅದನ್ನು ಕೇಳಿದ ಇನ್ನೊಬ್ಬರಿಗೆ ನಿಜವಾದ ಹೆಸರು ಹೊಳೆಯಬಹುದು.

ಹೆಣ್ಣುಮಕ್ಕಳ ಸಾಲು ಹೆಚ್ಚು ಕಷ್ಟ. ಮದುವೆಯಾಗಿ ಬೇರೆ ಊರಿಗೆ ಹೋದವರು, ಕೆಲವರಿಗೆ ಅತ್ತೆಮನೆಯಲ್ಲಿ ಹೆಸರೇ ಬದಲಾಗಿರುತ್ತದೆ. ಗಂಡುಮಕ್ಕಳೇ ತುಂಬಿದ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಅವರು ಇರುವುದು ಕಡಿಮೆ. ತವರಿನ ಕಡೆಯಿಂದ ಹೋಗಿ. ಅಣ್ಣನೋ ತಮ್ಮನೋ ಅದೇ ಶಾಲೆಯಲ್ಲಿ ಎರಡು ವರ್ಷ ಹಿಂದೆ ಮುಂದೆ ಓದಿರುತ್ತಾನೆ. "ನಿಮ್ಮ ಅಕ್ಕ ಅಥವಾ ತಂಗಿ ಈ ಸಾಲಿನಲ್ಲಿದ್ದಾರೆಯೇ" ಎಂದು ಅಕ್ಕಪಕ್ಕದ ಬ್ಯಾಚಿನವರನ್ನೂ ಕೇಳಿ. ಒಬ್ಬರು ಸಿಕ್ಕರೆ ಪಕ್ಕದಲ್ಲಿ ಕೂತವರ ಹೆಸರು ಅವರೇ ಹೇಳುತ್ತಾರೆ, ಗೆಳತಿಯರು ಫೋಟೊಕ್ಕೆ ಪಕ್ಕಪಕ್ಕ ಕೂರುವುದೇ ಹೆಚ್ಚು.

8. ಬಂದ ಉತ್ತರವನ್ನು ತೂಗಿ ನೋಡಿ, ಖಾಲಿ ಬಿಡಲು ಹಿಂಜರಿಯಬೇಡಿ

ಒಂದು ಹೆಸರು ಗಟ್ಟಿಯಾಗಲು ಎರಡು ಬೇಕು: ಪರಸ್ಪರ ಕೇಳಿಕೊಳ್ಳದ ಇಬ್ಬರ ಮಾತು, ಇಲ್ಲವೇ ಒಬ್ಬರ ಮಾತು ಮತ್ತು ಒಂದು ದಾಖಲೆ. ತನ್ನನ್ನು ತಾನೇ ಗುರುತಿಸಿಕೊಂಡವರ ಮಾತಿಗೆ ಹೆಚ್ಚು ತೂಕ ಇದೆ. ಆದರೆ ಒಂದೇ ಮುಖವನ್ನು ಇಬ್ಬರು "ನಾನೇ" ಎನ್ನುವುದೂ ಉಂಟು. ಹದಿನಾರರ ವಯಸ್ಸಿನ ತೆಳ್ಳಗಿನ ಹುಡುಗರು ಬಿಳಿ ಅಂಗಿಯಲ್ಲಿ ಒಬ್ಬರಂತೆ ಇನ್ನೊಬ್ಬರು ಕಾಣುತ್ತಾರೆ. ಅಂಥಲ್ಲಿ ಅದೇ ಕಾಲದ ಬೇರೆ ಫೋಟೊ ಕೇಳಿ. ಮನೆಯ ಮದುವೆಯ ಚಿತ್ರವೋ, ಕ್ರೀಡಾಕೂಟದ ಚಿತ್ರವೋ ಸಾಕು. ಹೋಲಿಸುವಾಗ ಕೂದಲು, ಮೀಸೆ ಬಿಟ್ಟು ಕಿವಿಯ ಆಕಾರ, ಹುಬ್ಬಿನ ನಡುವಿನ ಅಂತರ, ಗಲ್ಲ ನೋಡಿ. ವಯಸ್ಸು ಇವನ್ನು ಬೇಗ ಬದಲಿಸುವುದಿಲ್ಲ.

ಮಾದರಿ ಚಿತ್ರದ 3-4ಕ್ಕೆ ಮೂರು ಉತ್ತರ ಬಂದವು ಎಂದುಕೊಳ್ಳಿ. ಒಬ್ಬರು "ನಾಗರಾಜ, ಖಚಿತ, ಪಕ್ಕದ ಬೆಂಚು" ಎಂದರು. ಇನ್ನೊಬ್ಬರು "ಬಿ. ನಾಗರಾಜ, ಅಂದಾಜು". ಮೂರನೆಯವರು "ಮಂಜುನಾಥ, ಖಚಿತ, ಒಟ್ಟಿಗೆ ನಡೆದು ಶಾಲೆಗೆ ಬರುತ್ತಿದ್ದೆವು". ಎರಡಕ್ಕೆ ಒಂದು ಎಂದು ನಾಗರಾಜ ಬರೆಯಲು ಹೋಗಬೇಡಿ. ಶಾಲೆಗೆ ತಾಳೆ ನೋಡಲು ಕೊಟ್ಟಾಗ ಆ ಪುಟಗಳಲ್ಲಿ ಬಿ. ನಾಗರಾಜ, ಎಸ್. ನಾಗರಾಜ ಇಬ್ಬರಿದ್ದಾರೆ, ಮಂಜುನಾಥ ಒಬ್ಬನಿದ್ದಾನೆ ಎಂದು ತಿಳಿಯಿತು. ಆಗ ಮೂರನೆಯವರನ್ನು "3-4 ಮಂಜುನಾಥನೇ?" ಎಂದು ಕೆದಕಬೇಡಿ. "ನಾಗರಾಜರು ಇಬ್ಬರಿದ್ದರಂತೆ, ಅವರು ಚಿತ್ರದಲ್ಲಿ ಎಲ್ಲಿದ್ದಾರೆ?" ಎಂದು ಕೇಳಿ. ಅವರು ನಾಗರಾಜರನ್ನು 4-2 ಮತ್ತು 4-7ರಲ್ಲಿ ತೋರಿಸಿ, ಆ ಎರಡು ಸಂಖ್ಯೆಗೂ ಬೇರೆಯವರಿಂದ ಅದೇ ಹೆಸರು ಬಂದಿದ್ದರೆ 3-4 ಮಂಜುನಾಥ ಎಂಬುದು ನಿಲ್ಲುತ್ತದೆ. ಬೇರೆಯವರ ಮಾತು ತಾಳೆಯಾಗದಿದ್ದರೆ 3-4ರ ಮುಂದೆ ಎರಡೂ ಹೆಸರು ಬರೆದು "ಖಚಿತವಿಲ್ಲ" ಎಂದು ಸೇರಿಸಿ.

ಎಲ್ಲಕ್ಕಿಂತ ಜಾರುವ ಜಾಗ ಕಳೆಯುವ ಲೆಕ್ಕ. ಮಾದರಿ ಚಿತ್ರದಲ್ಲಿ ಮೇಷ್ಟ್ರು 7, ಜವಾನರು 1 ಕಳೆದರೆ ವಿದ್ಯಾರ್ಥಿಗಳು 30. ದಾಖಲಾತಿ ಮತ್ತು ನೆನಪುಗಳಿಂದ 36 ಹೆಸರು ಸಿಕ್ಕಿತು ಎಂದುಕೊಳ್ಳಿ. ಅಂದರೆ ಆ ದಿನ 6 ಜನ ಫೋಟೊಕ್ಕೆ ಬಂದಿಲ್ಲ. ಫೋಟೊದ ದುಡ್ಡು ಕೊಡಲಾಗದವರು, ಜ್ವರ ಬಂದವರು, ಹೊಲದ ಕೆಲಸಕ್ಕೆ ಹೋದವರು ಎಲ್ಲ ತರಗತಿಯಲ್ಲೂ ಇದ್ದರು. ಒಂದು ಮುಖ, ಏಳು ಹೆಸರು ಉಳಿದಾಗ ಆ ಏಳರಲ್ಲಿ ಒಂದನ್ನು ಆರಿಸಿ ಅಂಟಿಸುವುದು ಊಹೆಯಷ್ಟೇ. "4-9: ಗುರುತು ಸಿಕ್ಕಿಲ್ಲ" ಎಂದು ಬಿಡಿ. ಖಾಲಿ ಜಾಗವನ್ನು ಮುಂದೆ ಯಾರಾದರೂ ತುಂಬುತ್ತಾರೆ, ಅಚ್ಚಾದ ತಪ್ಪು ಹೆಸರನ್ನು ತಿದ್ದುವವರು ಸಿಗುವುದು ಕಷ್ಟ. ಆ ದಿನ ಬಂದಿರಲಿಲ್ಲ ಎಂದು ಖಚಿತವಾಗಿ ತಿಳಿದವರ ಹೆಸರನ್ನೂ "ಚಿತ್ರದಲ್ಲಿ ಇಲ್ಲದವರು" ಎಂದು ಕೆಳಗೆ ಕೊಡಿ. ಯಾವ ಮುಖಕ್ಕೂ ಆ ಹೆಸರು ಹಾಕಬಾರದು ಎಂಬುದು ಅದರಿಂದ ತಿಳಿಯುತ್ತದೆ.

ತೀರಿಕೊಂಡವರ ವಿಚಾರದಲ್ಲಿ ನೀವಾಗಿ ಏನೂ ಕೇಳಬೇಡಿ. ಮನೆಯವರು ತಿಳಿಸಿದರೆ ಮಾತ್ರ ಹೆಸರಿನ ಹಿಂದೆ "ದಿವಂಗತ" ಸೇರಿಸಿ. ಕೇಳಿದ ಮಾತಿನ ಮೇಲೆ ಬದುಕಿದವರಿಗೆ ಅದು ಅಂಟಿದರೆ ಕ್ಷಮೆ ಕೇಳಿ ಮುಗಿಯುವಂಥದ್ದಲ್ಲ.

ಕೊನೆಗೆ ಮಾತು ಕೊಟ್ಟಂತೆ ಶಾಲೆಗೆ ಮೂರು ಹಾಳೆ ಹಿಂದಿರುಗಿಸಿ: ಚಿತ್ರ, ನಕ್ಷೆ, ಹೆಸರಿನ ಪಟ್ಟಿ. ಪಟ್ಟಿಯ ಕೆಳಗೆ ಅದನ್ನು ಮಾಡಿದ ತಿಂಗಳು, ವರ್ಷ ಮತ್ತು ಖಚಿತ ಎಷ್ಟು, ಅಂದಾಜು ಎಷ್ಟು, ಸಿಗದಿದ್ದವು ಎಷ್ಟು ಎಂದು ನಮೂದಿಸಿ. ಉತ್ತರ ಬರೆದವರಿಗೆಲ್ಲ ಒಂದೊಂದು ಪ್ರತಿ ಕಳಿಸಿ. ತಿದ್ದುಪಡಿಗಳು ಹೆಚ್ಚಾಗಿ ಬರುವುದು ಪೂರ್ತಿ ಪಟ್ಟಿ ಕಣ್ಣಿಗೆ ಬಿದ್ದ ಮೇಲೆಯೇ. ಮನೆಯಲ್ಲಿರುವ ಮೂಲದ ಹಿಂಬದಿ ಬಾಲ್‌ಪೆನ್ ಮುಟ್ಟಿಸಬೇಡಿ, ಒತ್ತಿದ ಗೆರೆ ಮುಂದಿನ ಮುಖಗಳ ಮೇಲೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ಲಿನಲ್ಲಿ ಶಾಲೆ, ತರಗತಿ, ವರ್ಷ ಬರೆದು, ಪಟ್ಟಿಯ ಒಂದು ಪ್ರತಿಯನ್ನು ಅದೇ ಲಕೋಟೆಯಲ್ಲಿ ಇಡಿ.